ಸ್ಟೀಲ್ ಬಾಟಲಿ ಮಾರಲು ಬುಲೆಟ್ ಪಾಯಿಂಟ್ ಬರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಾವನದು ತಿಪಟೂರಿನಲ್ಲಿ ಪಾತ್ರೆ ಅಂಗಡಿ. ಅವರ ಬಾಟಲಿಗಳನ್ನು ಆನ್‌ಲೈನ್‌ಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ಅಕ್ಕಪಕ್ಕದ ಅಂಗಡಿಯವರೂ ಕೇಳತೊಡಗಿದರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ, ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ಬುಲೆಟ್ ಅಂದರೆ ಮಾರುವ ಪುಟದಲ್ಲಿ ಬಾಟಲಿಯ ಬಗ್ಗೆ ಚುಕ್ಕೆ ಹಾಕಿ ಬರೆಯುವ ಚಿಕ್ಕ ಸಾಲು. ಉದಾಹರಣೆಗೆ ಒಂದೇ ಬಾಟಲಿ ಇಟ್ಟುಕೊಂಡಿದ್ದೇನೆ: 750 ಮಿ.ಲೀ., ಎರಡು ಪದರದ ವ್ಯಾಕ್ಯೂಮ್ ಬಾಟಲಿ, ಮೇಲೆ ಪೌಡರ್ ಕೋಟಿಂಗ್, ತಿರುಗಿಸುವ ಮುಚ್ಚಳ.

ಡಬ್ಬದ ಮೇಲೆ ಫೀಚರ್ ಎಲ್ಲಾ ಅಚ್ಚು ಹಾಕಿರುತ್ತಾರೆ. ಅದನ್ನೇ ಹಾಕಿದರೆ ಆಗಲ್ವಾ?

ಆಗುತ್ತದೆ, ಆದರೆ ಅದನ್ನು ಓದಿ ಯಾರೂ ಬಾಟಲಿ ತೆಗೆದುಕೊಳ್ಳುವುದಿಲ್ಲ. ನಮ್ಮ ಬಾಟಲಿಯ ಡಬ್ಬದ ಮೇಲೆ ಇದ್ದದ್ದು ಇಷ್ಟು: "ಪ್ರೀಮಿಯಂ 304 ಗ್ರೇಡ್ ಸ್ಟೀಲ್, ಡಬಲ್ ವಾಲ್ ವ್ಯಾಕ್ಯೂಮ್ ಇನ್ಸುಲೇಟೆಡ್, 24 ಗಂಟೆ ಬಿಸಿ ಮತ್ತು ತಂಪು, ಲೀಕ್ ಪ್ರೂಫ್, ಬಿಪಿಎ ಫ್ರೀ." ಇದೇ ಸಾಲು ಪಕ್ಕದ ಬಾಟಲಿಯ ಮೇಲೂ ಇದೆ, ಅದರ ಪಕ್ಕದ್ದರ ಮೇಲೂ ಇದೆ.

ಅಂಗಡಿಗೆ ಬಂದ ಗಿರಾಕಿ ಏನು ಮಾಡುತ್ತಾರೆ ಅಂತ ಒಮ್ಮೆ ನಿಂತು ನೋಡಿ. ಮೊದಲು ಕೈಯಲ್ಲಿ ಎತ್ತಿ ತೂಕ ನೋಡುತ್ತಾರೆ. ಮುಚ್ಚಳ ಬಿಚ್ಚಿ ಒಳಗೆ ಇಣುಕುತ್ತಾರೆ, ಮೂಸಿ ನೋಡುತ್ತಾರೆ. ಎರಡು ಬೆರಳು ಬಾಟಲಿಯ ಬಾಯೊಳಗೆ ಹಾಕಿ "ಇದನ್ನು ಹೆಂಗೆ ತೊಳೆಯೋದು?" ಅನ್ನುತ್ತಾರೆ. ಮಗುವಿನ ಸ್ಕೂಲ್ ಬ್ಯಾಗ್ ಜೊತೆಗಿದ್ದರೆ ಪಕ್ಕದ ಜೇಬಿಗೆ ಸಿಕ್ಕಿಸಿಯೇ ಬಿಡುತ್ತಾರೆ. ಕೊನೆಗೆ "ಸೋರಲ್ಲ ತಾನೇ?" ಅಂತ ಒಂದು ಮಾತು. ಫೋನಿನಲ್ಲಿ ನೋಡುವವರಿಗೆ ಇದ್ಯಾವುದೂ ಸಾಧ್ಯವಿಲ್ಲ. ಅವರ ಕೈ, ಕಣ್ಣು, ಮೂಗು ಮಾಡುವ ಕೆಲಸವನ್ನು ನಿಮ್ಮ ಬುಲೆಟ್ ಮಾಡಬೇಕು. ಒಂದು ಬುಲೆಟ್ ಅಂದರೆ ಅಂಥ ಒಂದು ಪ್ರಶ್ನೆಗೆ ಒಂದು ಉತ್ತರ.

ಫೀಚರ್ ಅನ್ನು ಲಾಭವಾಗಿ ತಿರುಗಿಸುವುದು ಅಂದರೆ ಸರಿಯಾಗಿ ಏನು?

ಡಬ್ಬದ ಮೇಲಿನ ಪ್ರತಿ ಪದಕ್ಕೂ "ಅದರಿಂದ ನನಗೇನು?" ಅಂತ ಕೇಳುತ್ತಾ ಹೋಗಿ. ಒಂದು ಸಲ ಕೇಳಿದರೆ ಸಾಲದು, ಉತ್ತರ ದಿನದ ಯಾವುದೋ ಒಂದು ಹೊತ್ತಿಗೆ ಬಂದು ನಿಲ್ಲುವವರೆಗೆ ಕೇಳಬೇಕು.

ಎರಡು ಪದರದ ಗೋಡೆ. ಅದರಿಂದ ನನಗೇನು? ಒಳಗಿನ ಬಿಸಿ ಹೊರಗೆ ಬರುವುದಿಲ್ಲ. ಅದರಿಂದ? ಕುದಿಯುವ ನೀರು ತುಂಬಿದರೂ ಬರಿಗೈಯಲ್ಲಿ ಹಿಡಿಯಬಹುದು. ಇನ್ನೂ? ಐಸ್ ನೀರು ತುಂಬಿದರೆ ಹೊರಗೆ ಬೆವರುವುದಿಲ್ಲ, ಬ್ಯಾಗಿನಲ್ಲಿರುವ ಪುಸ್ತಕ ಒದ್ದೆಯಾಗುವುದಿಲ್ಲ. ಇಲ್ಲಿ ನಿಲ್ಲಿಸಿ. ಪುಸ್ತಕ ಒದ್ದೆಯಾಗುವುದನ್ನು ಕಂಡ ತಾಯಿಗೆ ಇದು ತಟ್ಟನೆ ಅರ್ಥವಾಗುತ್ತದೆ, ಇನ್ಸುಲೇಷನ್ ಅನ್ನುವ ಪದ ಬೇಕೇ ಆಗುವುದಿಲ್ಲ.

ಇದಕ್ಕಿಂತ ಮುಂದೆ ಹೋದರೆ ಕೆಡುತ್ತದೆ. "ನಿಮ್ಮ ಮಗುವಿನ ಭವಿಷ್ಯ ಉಜ್ವಲ" ಅಂತ ಬರೆದವರನ್ನೂ ನೋಡಿದ್ದೇನೆ. ಬಾಟಲಿ ಅಷ್ಟು ದೂರ ಹೋಗುವುದಿಲ್ಲ. ಬಾಟಲಿಯಿಂದ ನೇರವಾಗಿ ಆಗುವ ಕೊನೆಯ ಸಂಗತಿ ಯಾವುದೋ ಅಲ್ಲಿಗೆ ಸಾಕು.

"24 ಗಂಟೆ ಬಿಸಿ" ಅಂತ ಎಲ್ಲರೂ ಹಾಕುತ್ತಾರೆ. ನಾವು ಹಾಕದಿದ್ದರೆ ಹಿಂದೆ ಬೀಳಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಜಾಸ್ತಿ ರಿಟರ್ನ್ ಬರುವುದು ಇಲ್ಲಿಂದಲೇ.

ನಾವು ಮೊದಲು ಡಬ್ಬ ನೋಡಿಕೊಂಡು "24 ಗಂಟೆ ಬಿಸಿ" ಅಂತಲೇ ಹಾಕಿದ್ದೆವು. ಸ್ವಲ್ಪ ದಿನಕ್ಕೆ ಒಬ್ಬರು "ರಾತ್ರಿ ಹಾಕಿದ ಕಾಫಿ ಬೆಳಿಗ್ಗೆ ಉಗುರು ಬೆಚ್ಚಗಿತ್ತು" ಅಂತ ಬರೆದು ವಾಪಸ್ ಕಳಿಸಿದರು. ಆಮೇಲೆ ಇನ್ನೊಬ್ಬರು. ಬಾಟಲಿಯಲ್ಲಿ ಏನೂ ದೋಷ ಇರಲಿಲ್ಲ. ನಮ್ಮ ಮಾತಿನಲ್ಲಿತ್ತು.

ಹಾಗಾಗಿ ಅಡುಗೆಮನೆಯಲ್ಲೇ ಅಳತೆ ಮಾಡಿದೆ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಸಾಕು. ಮೊದಲು ಬಾಟಲಿಗೆ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿದೆ. ಆಮೇಲೆ ಕುದಿಯುವ ನೀರನ್ನು ಕುತ್ತಿಗೆವರೆಗೆ ತುಂಬಿದೆ, ಆಗ ಒಳಗೆ 95 ಡಿಗ್ರಿ ಇತ್ತು. ಕೋಣೆಯಲ್ಲಿ 28 ಡಿಗ್ರಿ. ಆರು ಗಂಟೆ ಆದ ಮೇಲೆ 75, ಹನ್ನೆರಡು ಗಂಟೆಗೆ 61, ಇಪ್ಪತ್ತನಾಲ್ಕಕ್ಕೆ 44. ಅಳೆಯಲು ಮುಚ್ಚಳ ತೆಗೆದಾಗ ಕೂಡ ಸ್ವಲ್ಪ ಬಿಸಿ ಹೋಗುತ್ತದೆ, ಆದ್ದರಿಂದ ಬೇಗ ಅಳೆದು ಮುಚ್ಚಬೇಕು.

ಈಗ ಈ ಅಂಕಿಗಳನ್ನು ಕುಡಿಯುವಾಗ ಬಾಯಿಗೆ ತಾಗುವ ಬಿಸಿಗೆ ಹೋಲಿಸಿ. 60 ಡಿಗ್ರಿಯ ಕಾಫಿ ಚೆನ್ನಾಗಿ ಬಿಸಿ ಇದೆ ಅನಿಸುತ್ತದೆ. 44 ಡಿಗ್ರಿ ಅಂದರೆ ಸ್ನಾನದ ನೀರು. 24 ಗಂಟೆಗೂ ನೀರು ಕೋಣೆಗಿಂತ ಬೆಚ್ಚಗಿರುತ್ತದೆ, ಅದು ನಿಜ, ಆದರೆ ಗಿರಾಕಿಯ "ಬಿಸಿ" ಅದಲ್ಲ. ಆದ್ದರಿಂದ ನಾನು ಬರೆದದ್ದು ಹೀಗೆ:

"ಬೆಳಿಗ್ಗೆ 7ಕ್ಕೆ ಕುದಿಯುವ ನೀರು ಪೂರ್ತಿ ತುಂಬಿಸಿದರೆ ಮಧ್ಯಾಹ್ನ 1ಕ್ಕೆ ಬಾಯಿ ಸುಡುವಷ್ಟು ಬಿಸಿ, ಸಂಜೆ 7ಕ್ಕೂ ಕಾಫಿಯಷ್ಟು ಬಿಸಿ."

"ಪೂರ್ತಿ ತುಂಬಿಸಿದರೆ" ಅನ್ನುವ ಮಾತು ಬಿಡಬೇಡಿ. ಅರ್ಧ ಬಾಟಲಿ ನೀರು ಬೇಗ ಆರುತ್ತದೆ, ಅದು ಎಲ್ಲಾ ಬಾಟಲಿಗೂ ಇರುವ ಗುಣ. ಹಾಗೇ 500 ಮಿ.ಲೀ. ಮತ್ತು 1 ಲೀಟರ್ ಬಾಟಲಿಗೆ ಇದೇ ಅಂಕಿ ಹಾಕಬೇಡಿ, ಬೇರೆ ಬೇರೆ ಅಳೆಯಿರಿ. ಚಿಕ್ಕ ಬಾಟಲಿ ಬೇಗ ಆರುತ್ತದೆ. ಅಗಲ ಬಾಯಿಯ ಬಾಟಲಿಯೂ ಅಷ್ಟೇ, ಯಾಕೆಂದರೆ ಬಿಸಿ ಹೆಚ್ಚಾಗಿ ಹೋಗುವುದು ಮುಚ್ಚಳದ ಕಡೆಯಿಂದ.

ಒಂದೇ ಪದರದ ಬಾಟಲಿ ಆದರೆ ಬಿಸಿ, ತಂಪಿನ ಬಗ್ಗೆ ಏನು ಬರೆಯಲಿ?

ಏನೂ ಬರೆಯಬೇಡಿ. ಅದು ಬಿಸಿಯನ್ನೂ ಹಿಡಿಯುವುದಿಲ್ಲ, ತಂಪನ್ನೂ ಹಿಡಿಯುವುದಿಲ್ಲ. ಅದರ ಬಲ ಬೇರೆ ಕಡೆ ಇದೆ: ಹಗುರ, ಅದೇ ಗಾತ್ರದಲ್ಲಿ ಜಾಸ್ತಿ ನೀರು, ಕಡಿಮೆ ಬೆಲೆ. ಸ್ಕೂಲಿಗೆ ಮಾಮೂಲಿ ನೀರು ಕಳಿಸುವವರಿಗೆ ಅದೇ ಸರಿಯಾದ ಬಾಟಲಿ. "ಮಾಮೂಲಿ ನೀರಿಗೆ, ಬಿಸಿನೀರು ಹಾಕಿದರೆ ಹೊರಮೈ ಸುಡುತ್ತದೆ" ಅಂತ ಒಂದು ಬುಲೆಟ್‌ನಲ್ಲಿ ನೇರವಾಗಿ ಹೇಳಿ. ಈ ಸಾಲು ಹಾಕಿದರೆ ಮಾರಾಟ ಕಡಿಮೆಯಾಗುತ್ತದೆ ಅಂತ ಮಾವ ಹೆದರಿದ್ದರು. ಮಗು ಕೈ ಸುಟ್ಟುಕೊಂಡ ಮೇಲೆ ಬರುವ ಫೋನು ಇದಕ್ಕಿಂತ ಕಷ್ಟ ಅಲ್ವಾ ಅಂದೆ. ಒಪ್ಪಿದರು.

"304 ಗ್ರೇಡ್" ಅಂದರೆ ಜನಕ್ಕೆ ಗೊತ್ತಾಗುತ್ತದಾ?

ಕೆಲವರಿಗೆ ಗೊತ್ತು, ಅವರು ಆ ಅಂಕಿಯನ್ನೇ ಹುಡುಕುತ್ತಾರೆ. ಅದಕ್ಕೆ ಅಂಕಿಯನ್ನು ಬಿಡಬೇಡಿ, ಆದರೆ ಅರ್ಥವನ್ನು ಪಕ್ಕದಲ್ಲೇ ಇಡಿ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಕೆಲವು ಕಡೆ 18/8 ಅಂತ ಬರೆಯುವುದು ಇದನ್ನೇ. 201, 202 ಅನ್ನುವ ಅಗ್ಗದ ಗ್ರೇಡ್‌ಗಳಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ಅವು ಬೇಗ ತುಕ್ಕು ಹಿಡಿಯುತ್ತವೆ. ಗಿರಾಕಿಗೆ ಇದರಿಂದ ಆಗುವ ಲಾಭ: ದಿನಾ ನೀರು ನಿಂತರೂ ತಳದಲ್ಲಿ ಕಂದು ಚುಕ್ಕೆ ಏಳುವುದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ ಬೇಕು. ತುಂಬಾ ಬಾಟಲಿಗಳಲ್ಲಿ ಒಳಗೋಡೆ 304, ಹೊರಗೋಡೆ 201 ಇರುತ್ತದೆ. ಅದು ಮೋಸವೇನಲ್ಲ, ನೀರು ತಾಗುವುದು ಒಳಗೋಡೆಗೆ ಮಾತ್ರ. ಆದರೆ ಆಗ ನೀವು "ಒಳಗೋಡೆ 304" ಅಂತ ಬರೆಯಬೇಕು, "ಪೂರ್ತಿ 304" ಅಂತ ಅಲ್ಲ. ಸಪ್ಲೈಯರ್ ಹತ್ತಿರ ಕೇಳಿ, ಲ್ಯಾಬ್ ರಿಪೋರ್ಟ್ ಇದ್ದರೆ ತರಿಸಿಕೊಳ್ಳಿ.

ಅಯಸ್ಕಾಂತ ಹಿಡಿದು ನೋಡಿದರೆ ಸಾಕು ಅಂತ ಹೇಳುವವರು ಬಹಳ ಇದ್ದಾರೆ. ಸಾಲದು. 201ಕ್ಕೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ. ಅದೇ ನಿಜವಾದ 304ನ್ನು ಒತ್ತಿ ಎಳೆದು ಕುತ್ತಿಗೆ ಮಾಡಿದ ಜಾಗದಲ್ಲಿ ಅಯಸ್ಕಾಂತ ಸ್ವಲ್ಪ ಅಂಟಬಹುದು. "ಮ್ಯಾಗ್ನೆಟ್ ಟೆಸ್ಟ್ ಪಾಸ್" ಅಂತ ಬುಲೆಟ್ ಹಾಕಿದರೆ ಗಿರಾಕಿ ಕುತ್ತಿಗೆಗೆ ಅಯಸ್ಕಾಂತ ಹಿಡಿದು ನಿಮ್ಮ ಮೇಲೇ ದೂರು ಬರೆಯುತ್ತಾರೆ.

ಬಿಪಿಎ ಫ್ರೀ ಅಂತ ಹಾಕಲೇಬೇಕಾ?

ಸ್ಟೀಲ್‌ನಲ್ಲಿ ಬಿಪಿಎ ಅನ್ನುವ ರಾಸಾಯನಿಕ ಇರುವುದೇ ಇಲ್ಲ, ಅದು ಕೆಲವು ಬಗೆಯ ಪ್ಲಾಸ್ಟಿಕ್‌ನ ವಿಷಯ. ಹಾಗಾಗಿ ಆ ಮಾತು ಮುಚ್ಚಳಕ್ಕೆ ಮಾತ್ರ ಸಲ್ಲುತ್ತದೆ. "ಮುಚ್ಚಳದ ಪ್ಲಾಸ್ಟಿಕ್ ಬಿಪಿಎ ಇಲ್ಲದ್ದು" ಅಂತ ಜಾಗ ತೋರಿಸಿ ಬರೆದರೆ ಓದುವವರಿಗೆ ನಂಬಿಕೆ ಬರುತ್ತದೆ. ಅದಕ್ಕೊಂದು ಇಡೀ ಬುಲೆಟ್ ಬೇಡ, ಸ್ಟೀಲಿನ ಸಾಲಿನ ಕೊನೆಗೆ ನಾಲ್ಕು ಪದ ಸಾಕು.

ಸೋರುವುದಿಲ್ಲ ಅಂತ ಹೇಗೆ ಹೇಳುವುದು?

ಮೊದಲು ಸೋರುವುದಿಲ್ಲ ಅಂತ ನೀವು ನೋಡಬೇಕು. ನೀರು ತುಂಬಿಸಿ, ಮುಚ್ಚಳ ಕೈಯಲ್ಲೇ ಬಿಗಿ ಮಾಡಿ, ಹಳೇ ಪೇಪರ್ ಮೇಲೆ ಒಂದು ಗಂಟೆ ಅಡ್ಡ ಮಲಗಿಸಿ. ಆಮೇಲೆ ಒಂದು ಗಂಟೆ ತಲೆಕೆಳಗಾಗಿ ಇಡಿ. ಪೇಪರ್ ಮೇಲೆ ಒಂದು ಹನಿ ಬಿದ್ದರೂ ಕಾಣುತ್ತದೆ. ಇದನ್ನೇ ಬಿಸಿನೀರಿನಲ್ಲೂ ಮಾಡಿ, ಯಾಕೆಂದರೆ ಬಿಸಿನೀರು ಒಳಗೆ ಒತ್ತಡ ಕಟ್ಟುತ್ತದೆ. ತಣ್ಣೀರಿಗೆ ಗಟ್ಟಿ ನಿಂತ ಮುಚ್ಚಳ ಬಿಸಿನೀರಿಗೆ ಜಿನುಗುವುದುಂಟು, ಅದರಲ್ಲೂ ಒತ್ತಿ ತೆರೆಯುವ ಮುಚ್ಚಳ ಮತ್ತು ಸ್ಟ್ರಾ ಇರುವ ಮುಚ್ಚಳ.

ಪಾಸಾದರೆ ನೀವು ಮಾಡಿದ್ದನ್ನೇ ಬರೆಯಿರಿ: "ಬ್ಯಾಗಿನಲ್ಲಿ ಅಡ್ಡ ಬಿದ್ದರೂ ಸೋರುವುದಿಲ್ಲ." ಇದು "100% ಲೀಕ್ ಪ್ರೂಫ್" ಅನ್ನುವುದಕ್ಕಿಂತ ಗಟ್ಟಿ, ಯಾಕೆಂದರೆ ಗಿರಾಕಿ ತಲೆಯಲ್ಲಿ ಇರುವ ಚಿತ್ರ ಬ್ಯಾಗ್ ಮತ್ತು ಅದರೊಳಗಿನ ಲ್ಯಾಪ್‌ಟಾಪ್.

ನಮಗೆ ಬಂದ ಸೋರುವ ದೂರುಗಳಲ್ಲಿ ಹೆಚ್ಚಿನವು ಮುಚ್ಚಳದ ಒಳಗಿನ ಸಿಲಿಕೋನ್ ರಬ್ಬರ್ ಬಳೆಯದು. ತೊಳೆಯಲು ಬಿಚ್ಚಿರುತ್ತಾರೆ, ತಿರುಗಾಮುರುಗಾ ಹಾಕಿರುತ್ತಾರೆ, ಇಲ್ಲವೇ ಸಿಂಕ್ ಪಕ್ಕದಲ್ಲೇ ಮರೆತಿರುತ್ತಾರೆ. ಅದಕ್ಕೆ ಅದೇ ಬುಲೆಟ್‌ನಲ್ಲಿ "ರಬ್ಬರ್ ಬಳೆಯ ಚಪ್ಪಟೆ ಬದಿ ಮೇಲಕ್ಕೆ" ಅಂತ ಸೇರಿಸಿದೆವು. ನಿಮ್ಮ ಮುಚ್ಚಳದಲ್ಲಿ ಯಾವ ಬದಿ ಅಂತ ನೋಡಿ ಬರೆಯಿರಿ, ಎಲ್ಲದರಲ್ಲೂ ಒಂದೇ ಥರ ಇರುವುದಿಲ್ಲ.

ಒಂದು ಬುಲೆಟ್ ಎಷ್ಟು ಉದ್ದ ಇರಬೇಕು?

ಕನ್ನಡದಲ್ಲಿ ಸುಮಾರು 12ರಿಂದ 20 ಪದ. ಹತ್ತಕ್ಕಿಂತ ಕಡಿಮೆಯಾದರೆ ಅದು ಮತ್ತೆ ಡಬ್ಬದ ಫೀಚರ್ ಥರ ಆಗುತ್ತದೆ, ಲಾಭ ಹೇಳಲು ಜಾಗ ಇರುವುದಿಲ್ಲ. ಇಪ್ಪತ್ತೈದು ದಾಟಿದರೆ ಫೋನಿನಲ್ಲಿ ಗೋಡೆ ಕಟ್ಟಿದ ಹಾಗೆ ಕಾಣುತ್ತದೆ, ಹೆಬ್ಬೆರಳು ಮುಂದಕ್ಕೆ ಜಾರಿಬಿಡುತ್ತದೆ. ಬರೆದ ಮೇಲೆ ನಿಮ್ಮದೇ ಫೋನಿಗೆ ವಾಟ್ಸಾಪ್‌ನಲ್ಲಿ ಕಳಿಸಿಕೊಂಡು ನೋಡಿ. ನಾಲ್ಕು ಸಾಲಿನ ಒಳಗೆ ಮುಗಿದರೆ ಸರಿ. ಮುಖ್ಯವಾದ ಮಾತು ಮೊದಲ ಸಾಲಲ್ಲೇ ಬರಬೇಕು.

ಮಾರುವ ಜಾಗದ ಮಿತಿಯನ್ನೂ ನೋಡಿಕೊಳ್ಳಿ. ಅಮೆಜಾನ್ ಮಾರಾಟಗಾರರಿಗೆ ಕೊಟ್ಟಿರುವ ನಿಯಮದಲ್ಲಿ ಒಂದು ಬುಲೆಟ್ 255 ಕ್ಯಾರೆಕ್ಟರ್ ಒಳಗಿರಬೇಕು, ಎಮೋಜಿ ಹಾಕುವಂತಿಲ್ಲ. ಇಂಥ ಮಿತಿ ಆಗಾಗ ಬದಲಾಗುತ್ತದೆ, ಹಾಕುವ ದಿನ ಅಲ್ಲೇ ಓದಿ.

ಎಣಿಸಿದರೆ 60 ಅಕ್ಷರ, ಆದರೆ ಕಂಪ್ಯೂಟರ್ 110 ಅನ್ನುತ್ತದೆ. ಯಾಕೆ?

ಕನ್ನಡದಲ್ಲಿ ಬರೆಯುವ ಎಲ್ಲರಿಗೂ ಈ ಗೊಂದಲ ಆಗುತ್ತದೆ. ನಾವು ಅಕ್ಷರ ಎಣಿಸುತ್ತೇವೆ, ಕಂಪ್ಯೂಟರ್ ಕ್ಯಾರೆಕ್ಟರ್ ಎಣಿಸುತ್ತದೆ. "ಸ್ಟೀಲ್" ಅನ್ನು ತೆಗೆದುಕೊಳ್ಳಿ. ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಸ, ಅರ್ಧಾಕ್ಷರದ ಗುರುತು, ಟ, ದೀರ್ಘದ ಗುರುತು, ಲ, ಮತ್ತೆ ಅರ್ಧಾಕ್ಷರದ ಗುರುತು, ಒಟ್ಟು ಆರು. "ಬಾಟಲಿ" ಮೂರು ಅಕ್ಷರ, ಐದು ಕ್ಯಾರೆಕ್ಟರ್. ಒತ್ತಕ್ಷರ ಇರುವ ಇಂಗ್ಲಿಷ್ ಪದಗಳನ್ನು ಜಾಸ್ತಿ ಬಳಸಿದಷ್ಟೂ ಲೆಕ್ಕ ಏರುತ್ತದೆ. "ಇನ್ಸುಲೇಟೆಡ್" ಬದಲು "ಬಿಸಿ ಹಿಡಿಯುವ" ಅಂದರೆ ಜಾಗ ಅಷ್ಟೇ ಹೋಗುತ್ತದೆ, ಅರ್ಥ ಮಾತ್ರ ಓದಿದ ಕೂಡಲೇ ಸಿಗುತ್ತದೆ.

ಇನ್ನು ಕೆಲವು ಜಾಗದಲ್ಲಿ ಲೆಕ್ಕ ಬೈಟ್‌ನಲ್ಲಿ ಇರುತ್ತದೆ. ಹುಡುಕುವ ಪದಗಳನ್ನು ಹಾಕುವ ಖಾನೆಯಲ್ಲಿ ಹೀಗಿರುವುದು ಜಾಸ್ತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಕ್ಯಾರೆಕ್ಟರ್‌ಗೆ ಮೂರು. ಅಂದರೆ 200 ಬೈಟ್ ಕೊಟ್ಟರೆ ಕನ್ನಡದಲ್ಲಿ 66 ಕ್ಯಾರೆಕ್ಟರ್‌ಗೆ ಮುಗಿಯಿತು, ಏಳೆಂಟು ಪದ ಅಷ್ಟೇ. ಅಲ್ಲಿ ಕೊನೆಯ ಪದ ಅರ್ಧಕ್ಕೆ ತುಂಡಾಗಿ ಕಂಡರೆ ಕಾರಣ ಇದು.

ಮುಗಿದ ಬುಲೆಟ್‌ಗಳನ್ನು ಒಟ್ಟಿಗೆ ತೋರಿಸ್ತೀರಾ?

ನಮ್ಮ 750 ಮಿ.ಲೀ. ಬಾಟಲಿಗೆ ಈಗ ಇರುವುದು ಇವು:

- ಸಂಜೆವರೆಗೂ ಬಿಸಿ: ಬೆಳಿಗ್ಗೆ 7ಕ್ಕೆ ಕುದಿಯುವ ನೀರು ಪೂರ್ತಿ ತುಂಬಿಸಿದರೆ ಮಧ್ಯಾಹ್ನ 1ಕ್ಕೆ ಬಾಯಿ ಸುಡುವಷ್ಟು ಬಿಸಿ, ಸಂಜೆ 7ಕ್ಕೂ ಕಾಫಿಯಷ್ಟು ಬಿಸಿ
- ಬ್ಯಾಗಿನಲ್ಲಿ ಅಡ್ಡ ಬಿದ್ದರೂ ಸೋರುವುದಿಲ್ಲ: ತಿರುಗಿಸುವ ಮುಚ್ಚಳ, ಒಳಗೆ ಸಿಲಿಕೋನ್ ರಬ್ಬರ್ ಬಳೆ, ತೊಳೆದ ಮೇಲೆ ಚಪ್ಪಟೆ ಬದಿ ಮೇಲಕ್ಕೆ ಬರುವಂತೆ ಹಾಕಿ
- ಹೊರಗೆ ಬೆವರುವುದಿಲ್ಲ: ಐಸ್ ನೀರು ತುಂಬಿದರೂ ಪಕ್ಕದಲ್ಲಿರುವ ಪುಸ್ತಕ ಒದ್ದೆಯಾಗುವುದಿಲ್ಲ, ಬಿಸಿನೀರು ತುಂಬಿದರೂ ಬರಿಗೈಯಲ್ಲಿ ಹಿಡಿಯಬಹುದು
- ತಳದವರೆಗೆ ತೊಳೆಯಬಹುದು: 4.5 ಸೆಂ.ಮೀ. ಬಾಯಿ, ಬಾಟಲಿ ಬ್ರಷ್ ಸಲೀಸಾಗಿ ಹೋಗುತ್ತದೆ. ಒಳಗೋಡೆ 304 ಸ್ಟೀಲ್, ಮುಚ್ಚಳದ ಪ್ಲಾಸ್ಟಿಕ್ ಬಿಪಿಎ ಇಲ್ಲದ್ದು
- ಮೂರು ದೊಡ್ಡ ಲೋಟ ನೀರು: 750 ಮಿ.ಲೀ., ಖಾಲಿ ಬಾಟಲಿ 340 ಗ್ರಾಂ, ಎತ್ತರ 27 ಸೆಂ.ಮೀ., ಅಗಲ 7.3 ಸೆಂ.ಮೀ.; ಸ್ಕೂಲ್ ಬ್ಯಾಗಿನ ಪಕ್ಕದ ಜೇಬಿಗೆ ಸರಿಹೋಗುತ್ತದೆ

ಮೊದಲ ಮೂರ್ನಾಲ್ಕು ಪದದಲ್ಲಿ ಲಾಭ, ಆಮೇಲೆ ಅದಕ್ಕೆ ಆಧಾರ. ಬರೀ ಮೊದಲ ಪದಗಳನ್ನು ಓದಿ ಕೆಳಗಿಳಿದವರಿಗೂ ಬಾಟಲಿ ಹೇಗಿದೆ ಅಂತ ಗೊತ್ತಾಗುತ್ತದೆ. ಕೊನೆಯ ಸಾಲಿನಲ್ಲಿ ಅಂಕಿ ಜಾಸ್ತಿ ಇದೆ, ಬೇಕಂತಲೇ ಹಾಕಿದ್ದು. ಗಾತ್ರ ನೋಡುವವರು ಸ್ಕೇಲ್ ಹಿಡಿದೇ ಕೂತಿರುತ್ತಾರೆ. ಖಾಲಿ ತೂಕ ಹೇಳಿದರೆ ತುಂಬಿದ ಮೇಲೆ ಒಂದು ಕಿಲೋ ದಾಟುತ್ತದೆ ಅಂತ ಅವರೇ ಲೆಕ್ಕ ಹಾಕುತ್ತಾರೆ, ಯುಕೆಜಿ ಮಗುವಿಗೆ ಇದು ಭಾರ ಅಂತ ಅವರಿಗೇ ತಿಳಿಯುತ್ತದೆ.

ಇದೇ ಕ್ರಮ ಎಲ್ಲಾ ಬಾಟಲಿಗೂ ಆಗುತ್ತದಾ?

ಇಲ್ಲ. ಯಾರು ಕೊಳ್ಳುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಮಕ್ಕಳ 500 ಮಿ.ಲೀ. ಬಾಟಲಿಗೆ ಸೋರುವ ಮಾತು ಮೊದಲು, ತೂಕ ಎರಡನೆಯದು, ಮಗುವೇ ಮುಚ್ಚಳ ತೆರೆಯಬಲ್ಲದಾ ಅನ್ನುವುದು ಮೂರನೆಯದು. ಬಿಸಿ ಹಿಡಿಯುವ ಮಾತು ಕೊನೆಗೆ ಹೋದರೂ ನಡೆಯುತ್ತದೆ. ಕ್ರಮ ಗೊತ್ತಾಗಬೇಕಾದರೆ ಅದೇ ಥರದ ಬೇರೆ ಬಾಟಲಿಗಳಿಗೆ ಬಂದ ಎರಡು ಸ್ಟಾರ್, ಮೂರು ಸ್ಟಾರ್ ರಿವ್ಯೂ ಓದಿ. ಒಂದು ಸ್ಟಾರ್‌ನಲ್ಲಿ ಡೆಲಿವರಿ ಸಿಟ್ಟು ಜಾಸ್ತಿ ಇರುತ್ತದೆ, ಐದು ಸ್ಟಾರ್‌ನಲ್ಲಿ ವಿಷಯವೇ ಇರುವುದಿಲ್ಲ. ಮಧ್ಯದವರು ಬಾಟಲಿಯನ್ನು ಬಳಸಿ ಬರೆದಿರುತ್ತಾರೆ.

ಬಾಟಲಿಯಲ್ಲಿ ಆಗದ್ದನ್ನೂ ಬುಲೆಟ್‌ನಲ್ಲಿ ಹೇಳಬೇಕಾ?

ಆಗದ್ದನ್ನು ಮಾಡಿದರೆ ಅಪಾಯ ಇದ್ದರೆ ಹೇಳಲೇಬೇಕು. ಸೋಡಾ, ಕೂಲ್‌ಡ್ರಿಂಕ್ಸ್ ತುಂಬಿದರೆ ಒತ್ತಡಕ್ಕೆ ಮುಚ್ಚಳ ಹಾರಬಹುದು. ಹಾಲನ್ನು ಗಂಟೆಗಟ್ಟಲೆ ಬೆಚ್ಚಗೆ ಇಟ್ಟರೆ ಒಡೆಯುತ್ತದೆ, ಮಗುವಿಗೆ ಕುಡಿಸುವವರು ಇದನ್ನು ತಿಳಿದಿರಬೇಕು. ಮಜ್ಜಿಗೆ, ನಿಂಬೆ ಶರಬತ್ತು ಒಂದೆರಡು ಗಂಟೆಗೆ ಪರವಾಗಿಲ್ಲ, ರಾತ್ರಿಯಿಡೀ ಬಿಡುವುದು ಬೇಡ. ಫ್ರೀಜರ್‌ನಲ್ಲಿ ಇಡಬಾರದು, ನೀರು ಗಡ್ಡೆ ಕಟ್ಟಿ ಹಿಗ್ಗಿದರೆ ಒಳಗೋಡೆ ಕೆಡುತ್ತದೆ. ಇಷ್ಟನ್ನೂ ಐದು ಬುಲೆಟ್‌ಗೆ ತುರುಕಬೇಡಿ, ಕೆಳಗಿನ ವಿವರಣೆಯಲ್ಲಿ ಹಾಕಿ. ಜಾಗ ಇದ್ದರೆ ಸೋಡಾ ಮತ್ತು ಹಾಲಿನದ್ದನ್ನು ಮಾತ್ರ ಬುಲೆಟ್‌ನಲ್ಲೇ ಕೊಡಿ.

ಐಎಸ್‌ಐ ಗುರುತಿನ ಬಗ್ಗೆ ಬರೆಯಬಹುದಾ?

ಬಾಟಲಿಯ ಮೇಲೆ ಇದ್ದರೆ ಧಾರಾಳವಾಗಿ ಬರೆಯಿರಿ. ಸ್ಟೀಲ್ ವ್ಯಾಕ್ಯೂಮ್ ಬಾಟಲಿಯ ಮಾನದಂಡದ ಸಂಖ್ಯೆ ಐಎಸ್ 17526, ಒಂದೇ ಪದರದ ನೀರಿನ ಬಾಟಲಿಗೆ ಐಎಸ್ 17803. ಎರಡನ್ನೂ ಅದಲುಬದಲು ಮಾಡಬೇಡಿ. ಬಾಟಲಿ ಅಥವಾ ಡಬ್ಬದ ಮೇಲೆ ಲೈಸೆನ್ಸ್ ನಂಬರ್ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತದೆ. ಮೊದಲು ನೀವೇ ನೋಡಿ, ಆಮೇಲೆ ಬರೆಯಿರಿ.

ಬರೆದದ್ದು ಸರಿಯಾಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಜನ ಕೇಳುವ ಪ್ರಶ್ನೆಗಳನ್ನು ನೋಡಿ. ಬುಲೆಟ್‌ನಲ್ಲಿ ಉತ್ತರ ಇದ್ದೂ ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಆ ಸಾಲು ಯಾರ ಕಣ್ಣಿಗೂ ಬಿದ್ದಿಲ್ಲ, ಮೇಲಕ್ಕೆ ತನ್ನಿ ಅಥವಾ ಮೊದಲ ಪದಗಳನ್ನು ಬದಲಿಸಿ. ಉತ್ತರ ಎಲ್ಲೂ ಇಲ್ಲದ ಪ್ರಶ್ನೆ ಬಂದರೆ ಅದೇ ನಿಮ್ಮ ಮುಂದಿನ ಬುಲೆಟ್. ನಮಗೆ "ಕಾರಿನ ಕಪ್ ಹೋಲ್ಡರ್‌ನಲ್ಲಿ ಕೂರುತ್ತಾ?" ಅಂತ ಮೂರು ಜನ ಕೇಳಿದರು. ಮಾವನ ಕಾರಿನಲ್ಲಿ ಇಟ್ಟು ನೋಡಿದೆ, ಕೂತಿತು, ಅವರ ತಮ್ಮನ ಕಾರಿನಲ್ಲಿ ಕೂರಲಿಲ್ಲ. ಹಾಗಾಗಿ "ಕಾರಿಗೆ ಸರಿಹೋಗುತ್ತದೆ" ಅಂತ ಬರೆಯದೆ, ಕೆಳಗಿನ ವಿವರಣೆಯಲ್ಲಿ ಅಗಲ 7.3 ಸೆಂ.ಮೀ. ಅನ್ನುವುದರ ಪಕ್ಕದಲ್ಲಿ "ನಿಮ್ಮ ಕಪ್ ಹೋಲ್ಡರ್ ಅಳೆದು ನೋಡಿ" ಅಂತ ಸೇರಿಸಿದೆ.